ಅಜ್ಜಿಯ ಮಾತು, ಅಜ್ಜಿಯದೇ ಬರಹ

ಗಡಿನಾಡಿನ ಕನ್ನಡ ಶಾಲೆಗಳು ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆಂದು ಹಳೆಯ ವಿದ್ಯಾರ್ಥಿಗಳಿಂದ ನೆನಪಿನ ಬರಹಗಳನ್ನು ಕೇಳುವ ಪದ್ಧತಿಯಿದೆ. ಹಿಂದೆ ಅವು ಕಾಗದದಲ್ಲಿ ಬರುತ್ತಿದ್ದವು. ಈಗ ವಾಟ್ಸಾಪಿನಲ್ಲಿ ಧ್ವನಿಸಂದೇಶವಾಗಿ ಬರುತ್ತವೆ. ಬರೆಯಲು ಕಣ್ಣು ಸಾಲದ, ಕೈ ನಡುಗುವ ಹಿರಿಯರು ಮೊಮ್ಮಕ್ಕಳ ಫೋನಿಗೆ ಬಾಯಿಕೊಟ್ಟು ಮಾತನಾಡುತ್ತಾರೆ. ಅದನ್ನು ಒಂದು ಪುಟ್ಟ ಬರಹವಾಗಿಸುವ ಕೆಲಸ ಸಾಮಾನ್ಯವಾಗಿ ಮನೆಯ ಮಕ್ಕಳ ಪಾಲಿಗೆ, ಇಲ್ಲವೇ ಶಾಲೆಯ ಕನ್ನಡ ಅಧ್ಯಾಪಕರ ಪಾಲಿಗೆ ಬೀಳುತ್ತದೆ. ಬರಹ ಅಚ್ಚಾಗಿ ಬಂದಾಗ ಹಲವು ಸಲ ಅದರಲ್ಲಿ ವ್ಯಾಕರಣವಿರುತ್ತದೆ, ಅಜ್ಜಿ ಇರುವುದಿಲ್ಲ.

ಕಾಸರಗೋಡಿನ ಕಡೆಯ ಇಂತಹ ಒಂದು ಸಂದೇಶವನ್ನು ಮಾದರಿಯಾಗಿ ಇಟ್ಟುಕೊಂಡು ನೋಡಬಹುದು. ಅದರ ಮುಖ್ಯ ಭಾಗ ಹೀಗಿದೆ ಎಂದಿರಲಿ:

"ಹಲೋ, ಕೇಳ್ತದಾ? ಆಯ್ತು. ನಾನು ಶಾಲೆಗೆ ಸೇರಿದ್ದು... ಕೇರಳ ಆಯ್ತಲ್ಲ, ಆ ವರ್ಷ. ಅಲ್ಲ ಅಲ್ಲ, ಅದರ ಮರುವರ್ಷ. ಅಣ್ಣ ಸೇರಿದ್ದು ಆ ವರ್ಷ. ತೋಡು ದಾಟಿ ಹೋಗ್ಬೇಕಿತ್ತು. ಸಂಕ ಅಂತ ಹೇಳಿದ್ರೆ ಎಂತ, ಎರಡು ಕಂಗು ಹಾಕಿದ್ದು ಅಷ್ಟೆ. ಮಳೆಗಾಲದಲ್ಲಿ ಅದೂ ಹೋಗ್ತಿತ್ತು. ಈ ಸಲ ಇಲ್ಲಿ ಎಂಥ ಮಳೆ ಮಾರಾಯ, ಕರೆಂಟೇ ಇಲ್ಲ. ಹಾಂ, ಸಂಕ. ಒಂದು ಸಲ ಸಂಕ ಹೋದಾಗ ಮಾಷ್ಟ್ರು ಆಚೆ ಬದಿಯಲ್ಲಿ ನಿಂತು ಅಲ್ಲಿಂದಲೇ ಮಗ್ಗಿ ಹೇಳಿಸಿದ್ರಂತೆ, ಅಣ್ಣ ಹೇಳ್ತಿದ್ದ. ನನಗೆ ಅದು ನೆನಪಿಲ್ಲ. ನನಗೆ ನೆನಪಿರುವುದು ಹೊಯ್ಗೆ. ಹೊಯ್ಗೆಯಲ್ಲಿ ಬೆರಳು ಹಿಡಿದು ಬರೆಸ್ತಿದ್ರು. ಆಯ್ತು, ಇಡ್ತೇನೆ. ಮತ್ತೆ ಒಂದು, ಈಗಲೂ ಸಹಿ ಹಾಕುವಾಗ ಬೆರಳಿಗೆ ಹೊಯ್ಗೆ ತಾಗಿದ ಹಾಗೆ ಆಗ್ತದೆ. ಮೊನ್ನೆ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಅಂದ್ರು. ಬೇಡ, ನನಗೆ ಬರ್ತದೆ ಅಂದೆ. ಕನ್ನಡದಲ್ಲೇ ಹಾಕಿದೆ."

ಮೊದಲ ಸಲ ಏನನ್ನೂ ಬರೆದುಕೊಳ್ಳದೆ ಕೊನೆಯವರೆಗೆ ಕೇಳಬೇಕು. ಧ್ವನಿಸಂದೇಶದಲ್ಲಿ ಮುಖ್ಯವಾದ ಮಾತು ಬಹಳ ಸಲ ವಿದಾಯ ಹೇಳಿದ ಮೇಲೆ ಬರುತ್ತದೆ. ಇಲ್ಲಿಯೂ "ಇಡ್ತೇನೆ" ಎಂದ ಬಳಿಕವೇ ಸಹಿಯ ಸಂಗತಿ ಬಂದಿದೆ. ಆರಂಭದಿಂದಲೇ ಬರೆಯುತ್ತಾ ಹೋದವರು ತೋಡು, ಸಂಕ, ಮಳೆಗಳಲ್ಲೇ ಪುಟ ತುಂಬಿಸಿ ಕೊನೆಯದನ್ನು ಬಿಟ್ಟುಬಿಡುತ್ತಾರೆ. ಆದರೆ ಇಡೀ ಮಾತು ನಡೆದುಬಂದದ್ದು ಆ ಸಹಿಯ ಕಡೆಗೆ.

ಎರಡನೆಯ ಸಲ ಕೇಳುವಾಗ ಉಸಿರು, ತಡವರಿಕೆಗಳ ಸಹಿತ ಎಲ್ಲವನ್ನೂ ಇದ್ದಂತೆಯೇ ಬರೆದುಕೊಂಡು, ಪ್ರತಿ ವಾಕ್ಯದ ಬದಿಯಲ್ಲಿ ಅದು ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡಿನಲ್ಲಿದೆ ಎಂದು ಗುರುತು ಹಾಕಬೇಕು. ಈ ಗುರುತು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಬಳಿಕ ಬಿಡುವ ಕೆಲಸ. "ಹಲೋ", "ಆಯ್ತು", ಈ ಸಲದ ಮಳೆ, ಕರೆಂಟು ಇವು ಫೋನಿಗೆ ಸೇರಿದವು, ನೆನಪಿಗಲ್ಲ. ಆಡಿದವರೇ ತಿದ್ದಿಕೊಂಡಲ್ಲಿ ತಿದ್ದಿದ ರೂಪವೊಂದೇ ಉಳಿಯಬೇಕು. ಆದ್ದರಿಂದ "ಮರುವರ್ಷ" ನಿಲ್ಲುತ್ತದೆ. ಅದನ್ನು 1957 ಎಂದು ಬದಲಿಸುವ ಆಸೆ ಬರಬಹುದು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಲೆಕ್ಕ ಸರಿಯೇ. ಆದರೆ ಅಜ್ಜಿ ಕಾಲವನ್ನು ಅಳೆದದ್ದು ಇಸವಿಯಿಂದಲ್ಲ, ಊರಿನ ರಾಜ್ಯ ಬದಲಾದುದರಿಂದ. ಇಸವಿ ಬೇಕೆನಿಸಿದರೆ ಬರಹದ ಮೇಲೆ ಸಂಪಾದಕರ ಟಿಪ್ಪಣಿಯಾಗಿ ಕೊಡಬಹುದು. ಅಜ್ಜಿಯ ಬಾಯಿಗೆ ಅದನ್ನು ಹಾಕಬಾರದು.

ಇನ್ನು ಉಳಿಸಿಕೊಳ್ಳುವ ಕೆಲಸ. ಇದರಲ್ಲಿ ಅತಿ ಚಿಕ್ಕದೂ ಅತಿ ಮುಖ್ಯವೂ ಆದದ್ದು "ಅಂತೆ" ಎಂಬ ಪ್ರತ್ಯಯ. "ಹೇಳಿಸಿದ್ರಂತೆ" ಎನ್ನುವಲ್ಲಿ ತಾನು ಕಂಡದ್ದಲ್ಲ, ಕೇಳಿದ್ದು ಎಂಬ ಪ್ರಾಮಾಣಿಕತೆ ಇದೆ. ನಯಗೊಳಿಸುವ ಭರದಲ್ಲಿ ಅದನ್ನು "ಹೇಳಿಸಿದರು" ಎಂದು ತಿದ್ದಿದರೆ ಅಜ್ಜಿ ಕಾಣದ ಘಟನೆಗೆ ಸಾಕ್ಷಿಯಾಗಿಬಿಡುತ್ತಾರೆ. "ನೆನಪಿಲ್ಲ" ಎಂಬ ಮಾತೂ ಹಾಗೆಯೇ. ಅದು ಕೊರತೆಯಂತೆ ಕಂಡರೂ "ನೆನಪಿರುವುದು ಹೊಯ್ಗೆ" ಎಂಬ ಮುಂದಿನ ವಾಕ್ಯಕ್ಕೆ ಬಲ ಬರುವುದು ಅದರಿಂದಲೇ. ತೋಡು, ಸಂಕ, ಕಂಗು, ಹೊಯ್ಗೆ, ಮಾಷ್ಟ್ರು ಇವುಗಳನ್ನು ಹಳ್ಳ, ಕಾಲುಸೇತುವೆ, ಅಡಿಕೆ ಮರ, ಮರಳು, ಗುರುಗಳು ಎಂದು ಬದಲಿಸಿದರೆ ಅರ್ಥ ಉಳಿದೀತು, ಊರು ಉಳಿಯದು. ಕ್ರಿಯಾಪದಗಳನ್ನು ಮಾತ್ರ ಓದಿಗೆ ಸುಲಭವಾಗುವಂತೆ "ಹೋಗುತ್ತಿತ್ತು", "ಆಗುತ್ತದೆ" ಎಂದು ತುಂಬಿ ಬರೆಯಬಹುದು. ನೇರವಾಗಿ ಆಡಿದ ಮಾತನ್ನು, ಅಂದರೆ ಬ್ಯಾಂಕಿನಲ್ಲಿ ಹೇಳಿದ "ನನಗೆ ಬರ್ತದೆ" ಎಂಬುದನ್ನು, ಮುಟ್ಟಬಾರದು. "ಮೊನ್ನೆ" ಎಂಬುದು ಸಂಚಿಕೆ ಅಚ್ಚಾಗುವ ಹೊತ್ತಿಗೆ ಸುಳ್ಳಾಗುತ್ತದೆ. ಅದು "ಈಚೆಗೆ" ಆಗಲಿ.

ಕೊನೆಯದು ಓದಿ ಹೇಳುವುದು. ಕ್ರಿಮಿನಲ್ ನ್ಯಾಯಾಲಯದಲ್ಲಿ ಸಾಕ್ಷಿಯ ಹೇಳಿಕೆಯನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯದೆ ನಿರೂಪಣೆಯಾಗಿ ಬರೆದುಕೊಳ್ಳುತ್ತಾರೆ. ಮುಗಿದ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಿ, ಅಗತ್ಯವಿದ್ದರೆ ತಿದ್ದಬೇಕೆಂದು ಕಾನೂನು ಹೇಳುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ. ಒಬ್ಬರ ಮಾತನ್ನು ಇನ್ನೊಬ್ಬರು ಬರೆಯುವಾಗ ನಡುವೆ ಏನಾದರೂ ಜಾರುತ್ತದೆ ಎಂಬ ಅನುಭವವೇ ಅದರ ಮೂಲ.

ಮನೆಯಲ್ಲಿಯೂ ಅದು ಜಾರುತ್ತದೆ. "ಬೆರಳು ಹಿಡಿದು ಬರೆಸ್ತಿದ್ರು" ಎಂಬಲ್ಲಿ ಕರ್ತೃಪದವಿಲ್ಲ. ಹಿಂದಿನ ವಾಕ್ಯದ ಗುಂಗಿನಲ್ಲಿ ಬರೆಯುವವರು "ಮಾಷ್ಟ್ರು" ಎಂದು ಸೇರಿಸುವುದು ಸಹಜ. ಓದಿ ಹೇಳಿದಾಗ ಅಜ್ಜಿ, "ಮಾಷ್ಟ್ರಲ್ಲ, ದೊಡ್ಡ ಕ್ಲಾಸಿನ ಹುಡುಗಿಯರು" ಎನ್ನಬಹುದು. "ಬರೆಸ್ತಿದ್ರು" ಎಂಬುದು ಗೌರವಕ್ಕೂ ಸಲ್ಲುತ್ತದೆ, ಬಹುವಚನಕ್ಕೂ ಸಲ್ಲುತ್ತದೆ. ಅದು ಯಾವುದೆಂದು ಹೇಳಬಲ್ಲವರು ಅವರೊಬ್ಬರೇ.

ಇಷ್ಟೆಲ್ಲ ಆದ ಮೇಲೆ ಸಿಗುವ ಬರಹ ಇದು:

"ನಾನು ಶಾಲೆಗೆ ಸೇರಿದ್ದು ಕೇರಳ ಆದ ಮರುವರ್ಷ. ತೋಡು ದಾಟಿ ಹೋಗಬೇಕಿತ್ತು. ಸಂಕ ಎಂದರೆ ಎರಡು ಕಂಗು ಹಾಕಿದ್ದು ಅಷ್ಟೆ. ಮಳೆಗಾಲದಲ್ಲಿ ಅದೂ ಹೋಗುತ್ತಿತ್ತು. ಒಂದು ಸಲ ಸಂಕ ಹೋದಾಗ ಮಾಷ್ಟ್ರು ಆಚೆ ಬದಿಯಲ್ಲಿ ನಿಂತು ಅಲ್ಲಿಂದಲೇ ಮಗ್ಗಿ ಹೇಳಿಸಿದರಂತೆ. ಅದು ಅಣ್ಣ ಹೇಳುತ್ತಿದ್ದದ್ದು, ನನಗೆ ನೆನಪಿಲ್ಲ. ನನಗೆ ನೆನಪಿರುವುದು ಹೊಯ್ಗೆ. ದೊಡ್ಡ ಕ್ಲಾಸಿನ ಹುಡುಗಿಯರು ಅದರಲ್ಲಿ ಬೆರಳು ಹಿಡಿದು ಬರೆಸುತ್ತಿದ್ದರು. ಈಗಲೂ ಸಹಿ ಹಾಕುವಾಗ ಬೆರಳಿಗೆ ಹೊಯ್ಗೆ ತಾಗಿದ ಹಾಗೆ ಆಗುತ್ತದೆ. ಈಚೆಗೆ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಅಂದರು. ಬೇಡ, ನನಗೆ ಬರ್ತದೆ ಅಂದೆ. ಕನ್ನಡದಲ್ಲೇ ಹಾಕಿದೆ."

ಇದರ ಕೊನೆಗೆ ಇನ್ನೊಂದು ವಾಕ್ಯ ಸೇರಿಸಲು ಕೈ ತುಡಿಯುತ್ತದೆ: ಮಾತೃಭಾಷೆಯ ಹಿರಿಮೆ, ಶಾಲೆಯ ಋಣ, ಅವಿಸ್ಮರಣೀಯ ಬಾಲ್ಯ. ಆಗ ಬದಿಯ ಗುರುತುಗಳನ್ನು ನೋಡಬೇಕು. ಪ್ರತಿ ವಾಕ್ಯಕ್ಕೂ ಧ್ವನಿಯಲ್ಲಿ ಒಂದು ಜಾಗವಿದೆಯೇ, ಇಲ್ಲವೇ ಓದಿ ಹೇಳಿದಾಗ ಅವರೇ ಕೊಟ್ಟ ತಿದ್ದುಪಡಿಯೇ? ಎರಡೂ ಅಲ್ಲದ ವಾಕ್ಯ ಬರೆದವರದು, ಅದನ್ನು ತೆಗೆಯಬೇಕು. ಅಜ್ಜಿ ತನ್ನ ಭಾಷೆಯ ಬಗ್ಗೆ ಹೇಳಬೇಕಾದುದನ್ನೆಲ್ಲ ಆ ಸಹಿಯಲ್ಲೇ ಹೇಳಿ ಮುಗಿಸಿದ್ದಾರೆ.