ಏಳು ಜೋಡಿ, ಮೂರು ಆಕಾರ

ಕೇರಂ ಬೋರ್ಡಿನ ಮೇಲೆ ಉದುರಿಸುವ ಬೋರಿಕ್ ಪುಡಿಯಲ್ಲಿ ಇರುವುದು ಬೋರಾನ್. ಅಲ್ಲಿ ಅದು ಬಲು ಸಾಧು. ಒಂದೊಂದು ಬೋರಾನ್ ಪರಮಾಣುವೂ ಮೂರು ಆಮ್ಲಜನಕಗಳ ಕೈ ಹಿಡಿದು ತೆಪ್ಪಗೆ ಕೂತಿರುತ್ತದೆ. ಅದೇ ಬೋರಾನ್ ಆಮ್ಲಜನಕವನ್ನು ಬಿಟ್ಟು ಜಲಜನಕದ ಜೊತೆ ಸೇರಿದರೆ ಡೈಬೋರೇನ್ ಎಂಬ ವಿಷದ ಅನಿಲವಾಗುತ್ತದೆ. ತೇವದ ಗಾಳಿ ಸೋಕಿದರೆ ಸಾಕು, ತಾನಾಗಿ ಹೊತ್ತಿಕೊಳ್ಳಬಲ್ಲದು. ನೀರಿಗೆ ಬಿದ್ದರೆ ಜಲಜನಕವನ್ನು ಬಿಟ್ಟುಕೊಟ್ಟು ಮತ್ತೆ ಅದೇ ಬೋರಿಕ್ ಆಮ್ಲವಾಗುತ್ತದೆ.

ಇಂಥ ವಸ್ತುವನ್ನು ಹಿಡಿದಿಟ್ಟು ಪರೀಕ್ಷೆ ಮಾಡುವುದೇ ಒಂದು ಸಾಹಸ. ಅದಕ್ಕೆ ಕೈಹಾಕಿದವರು ಜರ್ಮನಿಯ ಆಲ್ಫ್ರೆಡ್ ಸ್ಟಾಕ್. 1912ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಅವರು ಬೋರಾನ್-ಜಲಜನಕ ಸಂಯುಕ್ತಗಳ, ಅಂದರೆ ಬೋರೇನ್‌ಗಳ, ಬೆನ್ನು ಹತ್ತಿದ್ದರು. ಗಾಳಿ ಸೋಕದಂತೆ ಗಾಜಿನ ನಳಿಕೆಗಳನ್ನು ಒಂದಕ್ಕೊಂದು ಬೆಸೆದು, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಆ ನಿರ್ವಾತದೊಳಗೇ ಅನಿಲಗಳನ್ನು ಅತ್ತಿಂದಿತ್ತ ಸಾಗಿಸುತ್ತಿದ್ದರು. ಮಾಮೂಲಿ ಗಾಜಿನ ತಿರುಪಿಗೆ ಹಚ್ಚುವ ಗ್ರೀಸನ್ನು ಬೋರೇನ್‌ಗಳು ಕೆಡಿಸುತ್ತಿದ್ದವು. ಹಾಗಾಗಿ ಕವಾಟಗಳಿಗೆ ಪಾದರಸವನ್ನೇ ಬಳಸಿದರು. ಆ ಪಾದರಸದ ಆವಿ ವರ್ಷಾನುಗಟ್ಟಲೆ ಅವರ ಮೈಗೆ ಇಳಿಯಿತು. ತಲೆನೋವು, ಮರೆವು, ಕೈಕಾಲಿನ ನಡುಕ. ಕಾರಣ ಗೊತ್ತಾದ ಮೇಲೆ 1926ರಲ್ಲಿ ಪಾದರಸದ ಆವಿಯ ಅಪಾಯದ ಬಗ್ಗೆ ಲೇಖನ ಬರೆದು ಬೇರೆ ರಸಾಯನಶಾಸ್ತ್ರಜ್ಞರನ್ನು ಎಚ್ಚರಿಸಿದರು. ಬೋರೇನ್‌ಗಳ ಸೂತ್ರಗಳು ನಮಗೆ ಖಚಿತವಾಗಿ ಗೊತ್ತಾದದ್ದು ಈ ಮನುಷ್ಯನ ಆರೋಗ್ಯವನ್ನು ತೆತ್ತು.

ಸೂತ್ರ ಸಿಕ್ಕಿತು, ತಲೆನೋವು ಅಲ್ಲಿಂದಲೇ ಶುರುವಾಯಿತು. ಡೈಬೋರೇನ್‌ನ ಸೂತ್ರ B₂H₆. ನೋಡಲು ಈಥೇನ್‌ನ C₂H₆ ಇದ್ದಂತೆಯೇ ಇದೆ. ಈಥೇನ್‌ನಲ್ಲಿ ಏಳು ಬಂಧಗಳಿವೆ: ಇಂಗಾಲಗಳ ನಡುವೆ ಒಂದು, ಜಲಜನಕಗಳಿಗೆ ಆರು. ಪಠ್ಯಪುಸ್ತಕದ ಪ್ರಕಾರ ಒಂದು ಬಂಧಕ್ಕೆ ಎರಡು ಎಲೆಕ್ಟ್ರಾನ್ ಬೇಕು, ಒಟ್ಟು ಹದಿನಾಲ್ಕು. ಇಂಗಾಲ ತಲಾ ನಾಲ್ಕು ಕೊಡುತ್ತದೆ, ಜಲಜನಕ ತಲಾ ಒಂದು. ಎಂಟು ಮತ್ತು ಆರು ಹದಿನಾಲ್ಕು, ಲೆಕ್ಕ ಸರಿಹೋಯಿತು. ಬೋರಾನ್ ಕೈಯಲ್ಲಿ ಇರುವುದು ಮೂರೇ. ಆರು ಮತ್ತು ಆರು ಹನ್ನೆರಡು. ಏಳು ಬಂಧಕ್ಕೆ ಎರಡು ಎಲೆಕ್ಟ್ರಾನ್ ಸಾಲದು. ಆದರೂ ಅಣು ಬಿದ್ದುಹೋಗದೆ ನಿಂತಿದೆ.

ಜಲಜನಕಗಳು ಬೋರಾನ್‌ಗಳ ನಡುವೆ ಸೇತುವೆಯಾಗಿರಬಹುದು ಎಂಬ ಸಲಹೆ 1921ರಲ್ಲೇ ಡಿಲ್ಥೈ ಎಂಬ ಜರ್ಮನ್ ವಿಜ್ಞಾನಿಯಿಂದ ಬಂದಿತ್ತು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಒಂದು ಜಲಜನಕಕ್ಕೆ ಒಂದೇ ಬಂಧ ಎಂಬುದು ಆಗ ಶಿಲಾಶಾಸನದಂತಿತ್ತು. 1937ರ ಎಲೆಕ್ಟ್ರಾನ್ ವಿವರ್ತನೆಯ ಪ್ರಯೋಗವೊಂದು ಈಥೇನ್‌ನಂಥ ಆಕಾರವನ್ನೇ ಎತ್ತಿಹಿಡಿದು ದಾರಿಯನ್ನು ಇನ್ನಷ್ಟು ತಪ್ಪಿಸಿತು. ನಿಜದ ಸುಳಿವು ಬೇರೆ ಕಡೆ ಇತ್ತು. ಅಮೆರಿಕದ ಷ್ಲೆಸಿಂಗರ್ ಅವರ ಪ್ರಯೋಗಾಲಯದಲ್ಲಿ ಡೈಬೋರೇನ್‌ನ ಜಲಜನಕಗಳನ್ನು ಒಂದೊಂದಾಗಿ ತೆಗೆದು ಆ ಜಾಗಕ್ಕೆ ಮೀಥೈಲ್ ಗುಂಪು ಕೂರಿಸಿ ನೋಡಿದ್ದರು. ಒಂದು, ಎರಡು, ಮೂರು, ನಾಲ್ಕರವರೆಗೆ ಕೂತವು. ಐದನೆಯದು ಬಂದರೆ ಅಣುವೇ ಒಡೆದುಹೋಗುತ್ತಿತ್ತು. ಆರೂ ಜಲಜನಕಗಳು ಒಂದೇ ಥರದವಾಗಿದ್ದರೆ ನಾಲ್ಕಕ್ಕೇ ಏಕೆ ನಿಲ್ಲಬೇಕು? ನಾಲ್ಕು ಒಂದು ಬಗೆ, ಎರಡು ಇನ್ನೊಂದು ಬಗೆ ಎಂದು ಅಣು ತಾನೇ ಬಾಯಿಬಿಟ್ಟು ಹೇಳಿದಂತಿತ್ತು.

ಅದನ್ನು ಸರಿಯಾಗಿ ಕೇಳಿಸಿಕೊಂಡವರಲ್ಲಿ ಆಕ್ಸ್‌ಫರ್ಡ್‌ನ ವಿದ್ಯಾರ್ಥಿ ಕ್ರಿಸ್ಟೋಫರ್ ಲಾಂಗೆಟ್-ಹಿಗಿನ್ಸ್ ಒಬ್ಬರು. ಇನ್ನೂ ಪದವಿ ಓದುತ್ತಿದ್ದ ಹುಡುಗ. ತನ್ನ ಗುರು ಆರ್. ಪಿ. ಬೆಲ್ ಅವರೊಂದಿಗೆ 1943ರಲ್ಲಿ ಸೇತುವೆಯ ರಚನೆಯನ್ನು ಸಮರ್ಥಿಸಿ ಪ್ರಬಂಧ ಪ್ರಕಟಿಸಿದರು. ಎರಡು ಬೋರಾನ್‌ಗಳೂ ಹೊರಬದಿಯ ನಾಲ್ಕು ಜಲಜನಕಗಳೂ ಒಂದೇ ಸಮತಲದಲ್ಲಿ ಮೇಜಿನ ಮೇಲೆ ಇಟ್ಟಂತೆ ಇವೆ ಎಂದುಕೊಳ್ಳಿ. ಉಳಿದ ಎರಡು ಜಲಜನಕಗಳಲ್ಲಿ ಒಂದು ಬೋರಾನ್‌ಗಳ ನಡುವೆ ಮೇಜಿನ ಮೇಲ್ಗಡೆ, ಇನ್ನೊಂದು ಕೆಳಗಡೆ. ಈಗ ಎಲೆಕ್ಟ್ರಾನ್ ಹಂಚಿ ನೋಡಿ. ಹೊರಗಿನ ನಾಲ್ಕು ಮಾಮೂಲಿ ಬಂಧಗಳಿಗೆ ಎಂಟು ಹೋಯಿತು. ಹನ್ನೆರಡರಲ್ಲಿ ಉಳಿದದ್ದು ನಾಲ್ಕು, ಸೇತುವೆಗಳು ಎರಡು. ಸೇತುವೆಗೊಂದು ಜೋಡಿ. ಸಾಲವೂ ಇಲ್ಲ, ಬಾಕಿಯೂ ಇಲ್ಲ.

ಒಂದು ಸೇತುವೆಯಲ್ಲಿ ನಡೆಯುವುದು ಇಷ್ಟು. ಎಲೆಕ್ಟ್ರಾನ್ ತಂಗುವ ಜಾಗಕ್ಕೆ ಕಕ್ಷಕ ಎನ್ನುತ್ತಾರೆ. ಎಡಗಡೆಯ ಬೋರಾನ್‌ನ ಒಂದು ಕಕ್ಷಕ, ಬಲಗಡೆಯದರ ಒಂದು, ನಡುವಿನ ಜಲಜನಕದ ಒಂದು, ಈ ಮೂರೂ ಒಂದರ ಮೇಲೊಂದು ಹಾಯುತ್ತವೆ. ಮೂರು ಬೆರೆತರೆ ಮೂರು ಹೊಸ ಕಕ್ಷಕಗಳು ಹುಟ್ಟಲೇಬೇಕು. ಅವುಗಳಲ್ಲಿ ಅತ್ಯಂತ ಕಡಿಮೆ ಶಕ್ತಿಯದು ಮೂರು ಪರಮಾಣುಗಳ ಮೇಲೂ ಹರಡಿಕೊಂಡು ಮೂರನ್ನೂ ಹಿಡಿದಿಡುತ್ತದೆ. ಅದು ತುಂಬಲು ಎರಡು ಎಲೆಕ್ಟ್ರಾನ್ ಸಾಕು. ಉಳಿದ ಎರಡು ಕಕ್ಷಕಗಳು ಖಾಲಿ ಬಿದ್ದಿದ್ದರೂ ನಷ್ಟವಿಲ್ಲ. ಇದಕ್ಕೇ ಮೂರು ಕೇಂದ್ರಗಳ ಎರಡು ಎಲೆಕ್ಟ್ರಾನ್ ಬಂಧ ಎಂದು ಹೆಸರು. ಇಬ್ಬರು ಹೊದೆಯುವ ಕಂಬಳಿಯನ್ನು ಮೂವರು ಹೊದ್ದ ಹಾಗೆ. ಹಾಗೆ ಹೊದ್ದಾಗ ಕಂಬಳಿ ಒಬ್ಬೊಬ್ಬರಿಗೆ ತುಸು ಕಡಿಮೆಯಾಗುವುದು ಅಳತೆಯಲ್ಲೇ ಕಾಣುತ್ತದೆ. ಹೊರಗಿನ ಜಲಜನಕ ಬೋರಾನ್‌ನಿಂದ 119 ಪಿಕೋಮೀಟರ್ ದೂರದಲ್ಲಿದ್ದರೆ, ಸೇತುವೆಯದು 133 ಪಿಕೋಮೀಟರ್. ಬಂಧ ಸಡಿಲವಾದಷ್ಟೂ ಉದ್ದ.

1940ರ ದಶಕದ ಕೊನೆಗೆ ಬಂದ ಅವಗೆಂಪು ರೋಹಿತಗಳು ಈ ರಚನೆಯ ಪರ ಸಾಕ್ಷಿ ಹೇಳಿದವು. 1951ರಲ್ಲಿ ಹೆಡ್‌ಬರ್ಗ್ ಮತ್ತು ಷೋಮೇಕರ್ ಎಲೆಕ್ಟ್ರಾನ್ ವಿವರ್ತನೆಯನ್ನು ಮತ್ತೊಮ್ಮೆ, ಹೆಚ್ಚು ಎಚ್ಚರದಿಂದ ಮಾಡಿ ನೋಡಿದಾಗ ಹಳೆಯ ತಪ್ಪು ತಿದ್ದಿಹೋಯಿತು.

ಆದರೆ ಸ್ಟಾಕ್ ಬಿಟ್ಟುಹೋದ ಪಟ್ಟಿಯಲ್ಲಿ ಡೈಬೋರೇನ್ ಬರೀ ಮೊದಲನೆಯದು. B₄H₁₀, B₅H₉, B₁₀H₁₄ ಎಂದು ಪಟ್ಟಿ ಬೆಳೆದಿತ್ತು. ವಿಲಿಯಂ ಲಿಪ್ಸ್‌ಕಂಬ್ ಈ ಹೊತ್ತಿಕೊಳ್ಳುವ ವಸ್ತುಗಳನ್ನು ತಣ್ಣಗೆ ಹರಳುಗಟ್ಟಿಸಿ ಎಕ್ಸ್-ಕಿರಣದಲ್ಲಿ ಒಂದೊಂದರ ಆಕಾರವನ್ನೂ ತೆಗೆದರು. 1976ರ ನೊಬೆಲ್ ಅವರಿಗೆ ಸಂದದ್ದು ಈ ಕೆಲಸಕ್ಕೆ. ಆಕಾರಗಳು ಚಂದವಿದ್ದವು, ಒಂದಕ್ಕೊಂದು ಸಂಬಂಧವೇನು ಎಂಬುದು ಮಾತ್ರ ಬಹುಕಾಲ ಹೊಳೆಯಲಿಲ್ಲ. ಒಂದು ಬಟ್ಟಲಿನಂತೆ, ಇನ್ನೊಂದು ಗೋಪುರದಂತೆ, ಮತ್ತೊಂದು ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ.

1971ರಲ್ಲಿ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಕೆನೆತ್ ವೇಡ್ ಸಂಬಂಧವನ್ನು ಒಂದು ಎಣಿಕೆಯಲ್ಲಿ ಹಿಡಿದರು. ಅದೇ ವರ್ಷ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಆಕಾರಗಳ ಕಡೆಯಿಂದ ಇದೇ ಜಾಡು ಹಿಡಿದಿದ್ದರು. ಮರುವರ್ಷ ಮಿಂಗೋಸ್ ಅದನ್ನು ವಿಸ್ತರಿಸಿದರು.

ಎಣಿಕೆ ಹೀಗಿದೆ. ಪ್ರತಿ ಬೋರಾನ್‌ಗೂ ಹೊರಮುಖವಾಗಿ ಒಂದು ಜಲಜನಕ ಇದ್ದೇ ಇರುತ್ತದೆ ಎಂದಿಟ್ಟುಕೊಳ್ಳುವುದು. ಆ ಬಂಧಕ್ಕೆ ಬೋರಾನ್‌ನ ಒಂದು ಎಲೆಕ್ಟ್ರಾನ್ ಖರ್ಚಾಗುತ್ತದೆ, ಉಳಿದ ಎರಡು ಪಂಜರ ಕಟ್ಟಲು ಮೀಸಲು. ಇದಲ್ಲದೆ ಮಿಕ್ಕ ಪ್ರತಿ ಜಲಜನಕವೂ ಒಂದೊಂದು ಕೊಡುತ್ತದೆ. ಋಣ ಆವೇಶವಿದ್ದರೆ ಅದನ್ನೂ ಸೇರಿಸಬೇಕು. ಬಂದ ಮೊತ್ತವನ್ನು ಎರಡರಿಂದ ಭಾಗಿಸಿದರೆ ಪಂಜರದ ಜೋಡಿಗಳು.

ಮೂರು ಅಣುಗಳನ್ನು ಎಣಿಸೋಣ. B₆H₆²⁻ ಅಯಾನಿನಲ್ಲಿ ಆರು ಬೋರಾನ್‌ಗಳಿಂದ ಹನ್ನೆರಡು, ಆವೇಶದಿಂದ ಎರಡು: ಹದಿನಾಲ್ಕು, ಅಂದರೆ ಏಳು ಜೋಡಿ. B₅H₉ನಲ್ಲಿ ಐದು ಬೋರಾನ್‌ಗಳಿಂದ ಹತ್ತು, ಮಿಕ್ಕ ನಾಲ್ಕು ಜಲಜನಕಗಳಿಂದ ನಾಲ್ಕು: ಮತ್ತೆ ಏಳು ಜೋಡಿ. B₄H₁₀ನಲ್ಲಿ ನಾಲ್ಕು ಬೋರಾನ್‌ಗಳಿಂದ ಎಂಟು, ಮಿಕ್ಕ ಆರು ಜಲಜನಕಗಳಿಂದ ಆರು: ಇಲ್ಲೂ ಏಳೇ. ಏಳು ಜೋಡಿ ಎಂದರೆ ಆರು ಮೂಲೆಗಳ ಆಕೃತಿ, ಅಷ್ಟಮುಖಿ, ಎಂಬುದು ವೇಡ್ ನಿಯಮ. ಜೋಡಿಗಳ ಸಂಖ್ಯೆಗಿಂತ ಮೂಲೆ ಒಂದು ಕಡಿಮೆ.

ಆರು ಜೇಡಿಮಣ್ಣಿನ ಉಂಡೆ, ಹನ್ನೆರಡು ಬೆಂಕಿಕಡ್ಡಿ ಇದ್ದರೆ ಇದನ್ನು ಮನೆಯಲ್ಲೇ ಕಟ್ಟಿ ನೋಡಬಹುದು. ನಾಲ್ಕು ಉಂಡೆಗಳ ಒಂದು ಚೌಕ, ಮೇಲೊಂದು ಉಂಡೆ, ಕೆಳಗೊಂದು ಉಂಡೆ. ಆರೂ ಮೂಲೆಗಳಲ್ಲಿ ಬೋರಾನ್ ಇದ್ದರೆ ಅದು B₆H₆²⁻, ಮುಚ್ಚಿದ ಪಂಜರ, ವಿಜ್ಞಾನಿಗಳ ಮಾತಿನಲ್ಲಿ ಕ್ಲೋಸೋ. ಕೆಳಗಿನ ಉಂಡೆಯನ್ನು ಕಿತ್ತರೆ ಉಳಿಯುವುದು ಚೌಕದ ತಳದ ಗೋಪುರ. B₅H₉ನ ಆಕಾರ ಅದೇ. ತಳ ತೆರೆದುಕೊಂಡಿರುವುದರಿಂದ ಇದು ನೀಡೋ, ಲ್ಯಾಟಿನ್‌ನಲ್ಲಿ ಹಕ್ಕಿಗೂಡು. ಮಿಕ್ಕ ನಾಲ್ಕು ಜಲಜನಕಗಳು ಆ ತೆರೆದ ತಳದ ನಾಲ್ಕು ಅಂಚುಗಳ ಮೇಲೆ, ಡೈಬೋರೇನ್‌ನ ಸೇತುವೆಗಳಂತೆಯೇ, ಕೂತಿರುತ್ತವೆ. ಅದರ ಪಕ್ಕದ ಇನ್ನೊಂದು ಉಂಡೆಯನ್ನೂ ಕಿತ್ತರೆ ನಾಲ್ಕು ಉಂಡೆಗಳ ಚಿಟ್ಟೆ ಉಳಿಯುತ್ತದೆ. ಅದೇ B₄H₁₀. ಇದಕ್ಕೆ ಅರಾಕ್ನೋ ಎಂದು ಹೆಸರು, ಗ್ರೀಕರ ಜೇಡನ ಹೆಸರಿನಿಂದ ಬಂದದ್ದು.

ಕೈಯಲ್ಲಿರುವ ಮಾದರಿಯನ್ನೇ ಇನ್ನೊಮ್ಮೆ ನೋಡಿದರೆ ಒಂದು ಮಾತು ಹೊಳೆಯುತ್ತದೆ. ಅಷ್ಟಮುಖಿಗೆ ಹನ್ನೆರಡು ಕಡ್ಡಿ ಬೇಕಾಯಿತು, ಜೋಡಿಗಳು ಇರುವುದು ಏಳೇ. ಆದ್ದರಿಂದ ಇಲ್ಲಿ ಕಡ್ಡಿಯೆಂದರೆ ಬಂಧವಲ್ಲ, ಬರೀ ಅಂಚು. ಹಾಗಾದರೆ ಏಳೇ ಏಕೆ? ಹೊರಗಿನ ಜಲಜನಕಕ್ಕೆ ಒಂದು ಕಕ್ಷಕ ಕೊಟ್ಟ ಮೇಲೆ ಪ್ರತಿ ಬೋರಾನ್‌ನಲ್ಲೂ ಮೂರು ಉಳಿಯುತ್ತವೆ. ಒಂದು ಪಂಜರದ ನಟ್ಟನಡುವಿಗೆ ಮುಖ ಮಾಡಿರುತ್ತದೆ, ಎರಡು ಪಂಜರದ ಮೈಗುಂಟ ಹರಡಿರುತ್ತವೆ. ಒಳಮುಖದ ಆರೂ ನಡುವೆ ಕೂಡಿ ಒಂದು ಬಲವಾದ ಬಂಧಕ ಕಕ್ಷಕವನ್ನು ಕೊಡುತ್ತವೆ. ಮೈಮೇಲಿನ ಹನ್ನೆರಡರಿಂದ ಆರು ಬಂಧಕಗಳು ಬರುತ್ತವೆ. ಆರು ಮತ್ತು ಒಂದು ಏಳು. ಸೇತುವೆಯಲ್ಲಿ ಮೂರು ಪರಮಾಣು ಹಂಚಿಕೊಂಡದ್ದನ್ನು ಇಲ್ಲಿ ಇಡೀ ಪಂಜರವೇ ಹಂಚಿಕೊಂಡಿದೆ. ಹನ್ನೆರಡು ಬೋರಾನ್‌ಗಳ, ಇಪ್ಪತ್ತು ಮುಖಗಳ ಪಂಜರಕ್ಕೆ ಇದೇ ಲೆಕ್ಕದಲ್ಲಿ ಹದಿಮೂರು ಜೋಡಿ ಬೇಕು. ಇಪ್ಪತ್ತನಾಲ್ಕು ಎಲೆಕ್ಟ್ರಾನ್ ಬೋರಾನ್‌ಗಳಿಂದ ಬರುತ್ತವೆ, ಎರಡನ್ನು ಹೊರಗಿನಿಂದ ತರಬೇಕು. B₁₂H₁₂²⁻ ಎರಡು ಋಣ ಆವೇಶ ಹೊತ್ತಿರಲೇಬೇಕೆಂದು ಲಾಂಗೆಟ್-ಹಿಗಿನ್ಸ್ 1955ರಲ್ಲೇ ಸಹೋದ್ಯೋಗಿಯೊಬ್ಬರೊಂದಿಗೆ ಲೆಕ್ಕ ಹಾಕಿದ್ದರು. 1960ರಲ್ಲಿ ಹಾಥಾರ್ನ್ ಅವರ ತಂಡ ಅದನ್ನು ತಯಾರಿಸಿತು.

ನಿಯಮಕ್ಕೆ ಮಿತಿಗಳಿವೆ. ಯಾವ ಮೂಲೆ ಕಳಚಬೇಕು, ಜಲಜನಕ ಯಾವ ಅಂಚಿಗೆ ಕೂರಬೇಕು ಎಂದು ಎಣಿಕೆಯೊಂದೇ ಹೇಳುವುದಿಲ್ಲ. ಜಲಜನಕದ ಬದಲು ಕ್ಲೋರಿನ್ ಬಂದರೆ ಲೆಕ್ಕ ಕೈಕೊಡುವುದೂ ಉಂಟು: B₄Cl₄ ನಾಲ್ಕೇ ಜೋಡಿಯಲ್ಲಿ ನಾಲ್ಕು ಮೂಲೆಗಳ ಮುಚ್ಚಿದ ಪಂಜರ ಕಟ್ಟಿಕೊಂಡಿದೆ. ಇನ್ನೂ ದೊಡ್ಡ ತೊಡಕು ಬರುವುದು ಎರಡು ಪಂಜರಗಳು ಒಂದಕ್ಕೊಂದು ಅಂಟಿಕೊಂಡಾಗ. B₂₀H₁₆ ಅಂಥದ್ದು, ನಾಲ್ಕು ಬೋರಾನ್‌ಗಳನ್ನು ಹಂಚಿಕೊಂಡ ಎರಡು ಇಪ್ಪತ್ತು ಮುಖದ ಪಂಜರಗಳು. ಇಪ್ಪತ್ತು ಮೂಲೆಗೆ ಇಪ್ಪತ್ತೊಂದು ಜೋಡಿ ಬೇಕೆಂದು ವೇಡ್ ನಿಯಮ ಹೇಳುತ್ತದೆ. ಎಣಿಸಿದರೆ ಬೇರೆಯೇ ಬರುತ್ತದೆ.

ಇದಕ್ಕೆ ಉತ್ತರ ಕೊಟ್ಟದ್ದು ಭಾರತದಿಂದ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಇ. ಡಿ. ಜೆಮ್ಮಿಸ್, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿದ್ದಾಗ ತಮ್ಮ ವಿದ್ಯಾರ್ಥಿಗಳೊಂದಿಗೆ 2001ರಲ್ಲಿ mno ನಿಯಮವನ್ನು ಮಂಡಿಸಿದರು. ವೇಡ್ ನಿಯಮದ ಆ ಒಂದು ಹೆಚ್ಚಿನ ಜೋಡಿ ಬರುವುದು ಪಂಜರದ ನಡುವಿನಿಂದ. ಪಂಜರ ಎರಡಾದರೆ ನಡುವುಗಳೂ ಎರಡು. ಆದ್ದರಿಂದ ಮೂಲೆಗಳ ಸಂಖ್ಯೆಗೆ ಒಂದರ ಬದಲು ಪಂಜರಗಳ ಸಂಖ್ಯೆಯನ್ನು ಕೂಡಬೇಕು. ಎರಡು ಪಂಜರ ಒಂದೇ ಪರಮಾಣುವಿನಲ್ಲಿ ಕೂಡಿದ್ದರೆ ಅದಕ್ಕೆ ಇನ್ನೊಂದು. B₂₀H₁₆ಗೆ ಈ ನಿಯಮ ಕೇಳುವುದು ಇಪ್ಪತ್ತು ಮತ್ತು ಎರಡು, ಇಪ್ಪತ್ತೆರಡು ಜೋಡಿ. ಈಗ ಅಣುವಿನ ಕಡೆಯಿಂದ ಎಣಿಸಿ. ಜಲಜನಕ ಹೊತ್ತ ಹದಿನಾರು ಬೋರಾನ್‌ಗಳಿಂದ ತಲಾ ಎರಡರಂತೆ ಮೂವತ್ತೆರಡು. ಹಂಚಿಕೆಯ ನಾಲ್ಕು ಬೋರಾನ್‌ಗಳಿಗೆ ಜಲಜನಕವಿಲ್ಲ, ಹಾಗಾಗಿ ಅವು ತಮ್ಮ ಮೂರನ್ನೂ ಪಂಜರಕ್ಕೇ ಕೊಡುತ್ತವೆ, ಹನ್ನೆರಡು. ಒಟ್ಟು ನಲವತ್ತನಾಲ್ಕು ಎಲೆಕ್ಟ್ರಾನ್, ಇಪ್ಪತ್ತೆರಡು ಜೋಡಿ.