ಅನಾನಸ್ ತಿಂದರೆ ನಾಲಿಗೆ ಏಕೆ ಉರಿಯುತ್ತದೆ? ನಡುವಿನ ದಿಂಡು ತಿನ್ನಬಹುದೇ?

ಹಸಿ ಅನಾನಸಿನ ಮೊದಲ ಹೋಳುಗಳು ಬರೀ ಸಿಹಿ, ಹುಳಿ. ಐದಾರು ಹೋಳು ದಾಟಿದ ಮೇಲೆ ನಾಲಿಗೆಯ ತುದಿ ಚುರುಗುಟ್ಟತೊಡಗುತ್ತದೆ, ತುಟಿಯ ಅಂಚು ಉರಿಯುತ್ತದೆ, ಒಸಡು ಮುಟ್ಟಿದರೆ ನೋಯುತ್ತದೆ. ಕೆಲವರಿಗೆ ನಾಲಿಗೆಯಲ್ಲಿ ಸಣ್ಣಗೆ ರಕ್ತ ಜಿನುಗುವುದೂ ಉಂಟು. ಹಣ್ಣಿನ ಹುಳಿಯೇ ಇದಕ್ಕೆ ಕಾರಣವೆಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ಆದರೆ ಅದೇ ಹಣ್ಣಿನ ಗೊಜ್ಜು ಮಾಡಿ, ಮೇಲಿಂದ ಹುಣಸೆಹುಳಿಯನ್ನೂ ಹಾಕಿ ಬಡಿಸಿದರೆ ಯಾರ ನಾಲಿಗೆಯೂ ಹೀಗೆ ಹುಣ್ಣಾಗುವುದಿಲ್ಲ. ಹುಳಿ ಕುದಿಸಿದರೆ ಹೋಗುವಂಥದ್ದಲ್ಲ. ಹಾಗಾದರೆ ಒಲೆಯ ಮೇಲೆ ಅಳಿದುಹೋಗುವ ಬೇರೇನೋ ಹಸಿ ಹಣ್ಣಿನಲ್ಲಿರಬೇಕು.

ಅದರ ಹೆಸರು ಬ್ರೋಮಲಿನ್. ಇದು ಒಂದೇ ವಸ್ತುವಲ್ಲ, ಪ್ರೋಟೀನನ್ನು ತುಂಡರಿಸುವ ಹಲವು ಕಿಣ್ವಗಳ ಗುಂಪು. ಅನಾನಸಿನ ಹಣ್ಣು, ಕಾಂಡ ಎರಡರಲ್ಲೂ ಇದು ಧಾರಾಳವಾಗಿದೆ. ನಮ್ಮ ನಾಲಿಗೆಯ ಮೇಲಿನ ಲೋಳೆಯಲ್ಲಿ ಮತ್ತು ಅದರ ಕೆಳಗಿನ ತೆಳು ಚರ್ಮದಲ್ಲಿ ಪ್ರೋಟೀನ್ ಇರುತ್ತದೆ. ಹಣ್ಣು ಬಾಯಲ್ಲಿರುವಷ್ಟು ಹೊತ್ತೂ ಬ್ರೋಮಲಿನ್ ಅದನ್ನು ಸವೆಸುತ್ತಿರುತ್ತದೆ. ಹೊದಿಕೆ ತೆಳುವಾದಂತೆ ಹಣ್ಣಿನ ಹುಳಿ ನೇರವಾಗಿ ಒಳಗಿನ ನರಗಳಿಗೆ ತಾಗುತ್ತದೆ. ಮೊದಲ ಹೋಳಿಗೆ ಸುಮ್ಮನಿದ್ದ ನಾಲಿಗೆ ಆಮೇಲೆ ಉರಿಯುವುದಕ್ಕೆ ಇದೇ ಕಾರಣ.

ಕಿಣ್ವಕ್ಕೆ ಇನ್ನೊಂದು ಜೊತೆಯೂ ಇದೆ. ಅನಾನಸಿನ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಸೂಜಿಯ ಆಕಾರದಲ್ಲಿ ಕಟ್ಟುಕಟ್ಟಾಗಿರುತ್ತವೆ. ಬರಿಗಣ್ಣಿಗೆ ಕಾಣಿಸವು, ಸೂಕ್ಷ್ಮದರ್ಶಕ ಬೇಕು. ಕೆಸುವಿನ ಸೊಪ್ಪು, ಸುವರ್ಣಗೆಡ್ಡೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವುದೂ ಇಂಥದೇ ಸೂಜಿ ಹರಳುಗಳಿಂದ. ಈ ಹರಳು ಚುಚ್ಚಿದ ಕಣ್ಣಿಗೆ ಕಾಣದ ತೂತುಗಳ ಮೂಲಕ ಕಿಣ್ವ ಒಳಕ್ಕೆ ಇಳಿಯುತ್ತದೆ. ಜಪಾನಿನ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಜೊತೆಗಾರಿಕೆಯನ್ನು ಚೆನ್ನಾಗಿ ತೋರಿಸಿತು. ಅವರು ಹರಳೆಲೆಗೆ ಕಿವಿ ಹಣ್ಣಿನ ಸೂಜಿ ಹರಳುಗಳನ್ನೂ ಪ್ರೋಟೀನ್ ತುಂಡರಿಸುವ ಕಿಣ್ವವನ್ನೂ ಸವರಿ ಎರಿ ರೇಷ್ಮೆಹುಳುಗಳಿಗೆ ತಿನ್ನಿಸಿದರು. ಹರಳು ಒಂದೇ ಇದ್ದಾಗ ಅಥವಾ ಕಿಣ್ವ ಒಂದೇ ಇದ್ದಾಗ ಹುಳುಗಳಿಗೆ ಅಷ್ಟೇನೂ ಆಗಲಿಲ್ಲ. ಎರಡೂ ಸೇರಿದಾಗ ಸತ್ತವು. ಗಿಡಕ್ಕೆ ಇದು ತನ್ನನ್ನು ತಿನ್ನಲು ಬರುವ ಹುಳುವನ್ನು ಓಡಿಸುವ ಉಪಾಯ. ನಮ್ಮ ನಾಲಿಗೆಗೆ ಅದರ ಸಣ್ಣ ಏಟು ಬೀಳುತ್ತದೆ, ಅಷ್ಟೆ. ಬಾಯಿಯ ಒಳಚರ್ಮ ಬಹಳ ಬೇಗ ಹೊಸದಾಗಿ ಬೆಳೆಯುವುದರಿಂದ ಸಾಮಾನ್ಯವಾಗಿ ಉರಿ ಒಂದೆರಡು ದಿನದೊಳಗೆ ತಾನಾಗಿ ಮಾಯುತ್ತದೆ.

ಬ್ರೋಮಲಿನ್ ಕೆಲಸವನ್ನು ಮನೆಯಲ್ಲೇ ನೋಡಬಹುದು. ಎರಡು ಬಟ್ಟಲಿಗೆ ಸಮನಾಗಿ ಗಟ್ಟಿ ಮೊಸರು ಹಾಕಿ. ಒಂದಕ್ಕೆ ಹಸಿ ಅನಾನಸಿನ ಸಣ್ಣ ಹೋಳುಗಳನ್ನೂ ಇನ್ನೊಂದಕ್ಕೆ ಹತ್ತು ನಿಮಿಷ ಕುದಿಸಿ ತಣಿಸಿದ ಹೋಳುಗಳನ್ನೂ ಬೆರೆಸಿ ಒಂದೆರಡು ಗಂಟೆ ಬಿಡಿ. ಹಸಿ ಹಣ್ಣು ಹಾಕಿದ ಮೊಸರು ನೀರೊಡೆದು ಕಹಿಯಾಗಿರುತ್ತದೆ. ಕುದಿಸಿದ ಹಣ್ಣಿನದು ಹಾಗೆಯೇ ಇರುತ್ತದೆ. ಮೊಸರಿನ ಪ್ರೋಟೀನನ್ನು ಕಿಣ್ವ ಚೂರು ಮಾಡುತ್ತದೆ, ಆ ಚೂರುಗಳಲ್ಲಿ ಕೆಲವಕ್ಕೆ ಕಹಿ ರುಚಿ. ಅನಾನಸ್ ರಾಯತ ಮಧ್ಯಾಹ್ನ ಚೆನ್ನಾಗಿದ್ದು ಸಂಜೆಗೆ ಕಹಿಯಾಯಿತೆಂದರೆ ಮೊಸರು ಕೆಟ್ಟಿದೆ ಎಂದರ್ಥವಲ್ಲ. ಹೋಳುಗಳನ್ನು ಬೇಯಿಸಿ ಹಾಕಿದರೆ ಆ ತೊಂದರೆಯೇ ಇಲ್ಲ.

ಇದರಿಂದ ಉರಿ ತಪ್ಪಿಸುವ ದಾರಿಯೂ ಗೊತ್ತಾಗುತ್ತದೆ. ಹಣ್ಣು ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಕೆಲವು ನಿಮಿಷ ಹಾಗೇ ಇದ್ದರೆ ಬ್ರೋಮಲಿನ್ ಬಹುಪಾಲು ನಿಷ್ಕ್ರಿಯವಾಗುತ್ತದೆ. ಹೋಳಿನ ಒಳಭಾಗಕ್ಕೂ ಬಿಸಿ ತಲುಪಬೇಕು, ಹಾಗಾಗಿ ದಪ್ಪ ಹೋಳಾದರೆ ಎಂಟು ಹತ್ತು ನಿಮಿಷ ಕುದಿಯಲಿ. ಗೊಜ್ಜು, ಮೆಣಸ್ಕಾಯಿ, ಕೇಸರಿಭಾತಿನ ಹಣ್ಣು ನಾಲಿಗೆಯನ್ನು ಕಾಡದಿರುವುದು, ಡಬ್ಬಿಯ ಅನಾನಸ್ ಕಾಡದಿರುವುದು ಇದರಿಂದಲೇ. ಫ್ರಿಜ್ಜಿನಲ್ಲಿಟ್ಟರೆ ಕಿಣ್ವದ ಕೆಲಸ ನಿಧಾನವಾಗುತ್ತದೆಯೇ ಹೊರತು ಅದು ನಾಶವಾಗುವುದಿಲ್ಲ. ಫ್ರೀಜರಿನಲ್ಲಿ ಗಟ್ಟಿಯಾದ ಹಣ್ಣೂ ಕರಗಿದ ಮೇಲೆ ಉರಿಸುತ್ತದೆ. ಹೋಳುಗಳನ್ನು ಉಪ್ಪುನೀರಿನಲ್ಲಿ ಅದ್ದುವ ರೂಢಿಯಿಂದ ಸ್ವಲ್ಪ ಅನುಕೂಲವಿದೆ: ಕತ್ತರಿಸಿದ ಮೈಮೇಲಿನ ರಸ ತೊಳೆದುಹೋಗುತ್ತದೆ, ಉಪ್ಪಿನಿಂದ ಹುಳಿಯೂ ಹದವಾಗಿ ಕಾಣುತ್ತದೆ. ಒಳಗಿರುವ ಕಿಣ್ವ ಮಾತ್ರ ಉಳಿದೇ ಇರುತ್ತದೆ. ಹಸಿಯಾಗಿಯೇ ತಿನ್ನುವುದಾದರೆ ಚೆನ್ನಾಗಿ ಮಾಗಿದ ಹಣ್ಣನ್ನು ಸ್ವಲ್ಪವೇ ತಿಂದು ಬಾಯಿ ಮುಕ್ಕಳಿಸುವುದು ಒಳ್ಳೆಯದು. ಕೊಯ್ದ ಮೇಲೆ ಅನಾನಸ್ ಸಿಹಿ ಹೆಚ್ಚಿಸಿಕೊಳ್ಳುವುದಿಲ್ಲ, ಆದ್ದರಿಂದ ಎಳೆಯದನ್ನು ತಂದು ಮನೆಯಲ್ಲಿ ಕಾದರೆ ಫಲವಿಲ್ಲ.

ಇನ್ನು ನಡುವಿನ ದಿಂಡಿನ ಮಾತು. ಅನಾನಸ್ ಒಂದು ಹೂವಿನಿಂದಾದ ಒಂದು ಹಣ್ಣಲ್ಲ. ನೂರಕ್ಕೂ ಹೆಚ್ಚು ಹೂಗಳು ಒಂದು ಕಾಂಡದ ಸುತ್ತ ಒತ್ತಾಗಿ ಬೆಳೆದು ಒಂದಾಗಿ ಕೂಡಿಕೊಂಡ ಗೊಂಚಲು ಅದು. ಸಿಪ್ಪೆಯ ಮೇಲಿನ ಒಂದೊಂದು ಕಣ್ಣೂ ಒಂದೊಂದು ಹೂವಿನ ಗುರುತು. ಆ ಹೂಗಳನ್ನು ಹೊತ್ತಿದ್ದ ಕಾಂಡವೇ ದಿಂಡು. ನೀರು, ಆಹಾರ ಸಾಗಿಸುವ ನಾಳಗಳು ಅದರೊಳಗೆ ಉದ್ದಕ್ಕೆ ಹಾಯ್ದಿರುವುದರಿಂದ ಅದು ಗಟ್ಟಿ, ನಾರುನಾರು, ಸಿಹಿಯೂ ಕಡಿಮೆ. ಆದರೆ ಅದರಲ್ಲಿ ವಿಷವೇನೂ ಇಲ್ಲ, ಧಾರಾಳವಾಗಿ ತಿನ್ನಬಹುದು. ಅದನ್ನು ಕೊರೆದು ಬಿಸಾಡುವ ರೂಢಿ ಹರಡುವುದಕ್ಕೆ ಡಬ್ಬಿಯ ಉದ್ಯಮವೂ ಒಂದು ಕಾರಣ. 1911ರ ಸುಮಾರಿಗೆ ಹವಾಯಿಯಲ್ಲಿ ಹೆನ್ರಿ ಗಿನಾಕ ಎಂಬ ಎಂಜಿನಿಯರ್, ಸಿಪ್ಪೆ ತೆಗೆದು ದಿಂಡನ್ನೂ ಕೊರೆಯುವ ಯಂತ್ರ ಮಾಡಿದ. ನಡುವೆ ತೂತಿರುವ ಬಿಲ್ಲೆಯೇ ಅನಾನಸಿನ ರೂಪವೆಂದು ಜನರ ಕಣ್ಣಿಗೆ ಒಗ್ಗಿತು.

ತಳಿಯ ಮೇಲೂ ದಿಂಡಿನ ಗುಣ ನಿಂತಿದೆ. ಬನವಾಸಿ ಸೀಮೆಯಲ್ಲಿ ಬೆಳೆಯುವ ದೊಡ್ಡ ಕ್ಯೂ ತಳಿಯ ದಿಂಡು ದಪ್ಪ, ಗಟ್ಟಿ. ಕೇರಳದ ವಾಳಕ್ಕುಳಂ ಕಡೆಯ ಸಣ್ಣ ಹಣ್ಣು ಕ್ವೀನ್ ಗುಂಪಿಗೆ ಸೇರಿದ್ದು. ಚೆನ್ನಾಗಿ ಮಾಗಿದ್ದರೆ ಅದರ ದಿಂಡನ್ನು ಹಣ್ಣಿನ ಜೊತೆಗೇ ಅಗಿದು ನುಂಗಬಹುದು. ಗಟ್ಟಿ ದಿಂಡಾದರೆ ಕತ್ತರಿಸುವ ರೀತಿಯಲ್ಲೇ ಗುಟ್ಟಿದೆ. ಉದ್ದಕ್ಕೆ ಸೀಳಿದರೆ ನಾರು ಉದ್ದವಾಗೇ ಉಳಿದು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಬಾಳೆದಿಂಡಿನಂತೆ ಅಡ್ಡಕ್ಕೆ, ಎರಡು ಮೂರು ಮಿಲಿಮೀಟರಿನಷ್ಟು ತೆಳ್ಳಗೆ ಬಿಲ್ಲೆ ಮಾಡಿದರೆ ನಾರು ತುಂಡಾಗಿ ಬಾಯಿಗೆ ಹಗುರವಾಗುತ್ತದೆ. ತುರಿದು ಗೊಜ್ಜಿಗೆ ಸೇರಿಸಬಹುದು, ಮಿಕ್ಸಿಯಲ್ಲಿ ರುಬ್ಬಿ ಸೋಸಿ ಜ್ಯೂಸ್ ಮಾಡಬಹುದು, ಬೆಲ್ಲದ ನೀರಿನಲ್ಲಿ ಕುದಿಸಿ ಪಾನಕಕ್ಕೂ ಬಳಸಬಹುದು. ಹಸಿ ದಿಂಡಿನಲ್ಲೂ ಬ್ರೋಮಲಿನ್ ಇರುವುದರಿಂದ ಅದೂ ಉರಿಸುತ್ತದೆ, ಬೇಯಿಸಿದರೆ ಉರಿಸದು.

ಎಚ್ಚರ ಬೇಕಾದವರೂ ಇದ್ದಾರೆ. ಪುಟ್ಟ ಮಕ್ಕಳಿಗೆ ದಿಂಡಿನ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಹಲ್ಲಿಲ್ಲದ ಹಿರಿಯರಿಗೆ ಅಗಿಯಲಾಗದು. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ಇಂಥ ನಾರು ಒಳಗೆ ಗಂಟುಕಟ್ಟುವ ಸಾಧ್ಯತೆ ಇರುವುದರಿಂದ ವೈದ್ಯರನ್ನು ಕೇಳಿ ತಿನ್ನಬೇಕು. ಬಾಯಿಯ ಉರಿಗೂ ಅಲರ್ಜಿಗೂ ಇರುವ ವ್ಯತ್ಯಾಸವೂ ತಿಳಿದಿರಲಿ. ಹಣ್ಣು ತಾಗಿದ ಜಾಗದಲ್ಲಷ್ಟೇ ಚುರುಗುಟ್ಟಿ, ತಿನ್ನುವುದನ್ನು ನಿಲ್ಲಿಸಿದ ಮೇಲೆ ಕಡಿಮೆಯಾಗುತ್ತಾ ಬಂದರೆ ಅದು ಕಿಣ್ವದ ಕೆಲಸ. ತುಟಿ, ಮುಖ ಊದಿಕೊಂಡರೆ, ಮೈಮೇಲೆ ಗಂಧೆ ಎದ್ದರೆ, ಉಸಿರಾಟಕ್ಕೆ ತೊಡಕಾದರೆ ಅದು ಅಲರ್ಜಿ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಮತ್ತೆ ಆ ಹಣ್ಣನ್ನು ಬೇಯಿಸಿಯಾದರೂ ವೈದ್ಯರನ್ನು ಕೇಳದೆ ತಿನ್ನಬಾರದು.