ಅರವತ್ತು ದಿನದ ನೋಟಿಸು ನಿಜಕ್ಕೂ ಏನು ಹೇಳುತ್ತದೆ?

"ಸದರಿ ಸಾಲದ ಖಾತೆಯು ಅನುತ್ಪಾದಕ ಆಸ್ತಿಯೆಂದು ವರ್ಗೀಕರಿಸಲ್ಪಟ್ಟಿರುವುದರಿಂದ, ಈ ನೋಟಿಸಿನ ದಿನಾಂಕದಿಂದ 60 ದಿನಗಳೊಳಗಾಗಿ ತಾವು ತಮ್ಮ ಸಂಪೂರ್ಣ ಹೊಣೆಗಾರಿಕೆಯನ್ನು ಮುಂದಿನ ಬಡ್ಡಿ ಮತ್ತು ವೆಚ್ಚಗಳೊಂದಿಗೆ ತೀರಿಸತಕ್ಕದ್ದು, ತಪ್ಪಿದಲ್ಲಿ ಕಲಂ 13(4)ರಡಿ ಪ್ರದತ್ತವಾದ ಅಧಿಕಾರಗಳನ್ನು ಚಲಾಯಿಸಲಾಗುವುದು."

ಗೃಹಸಾಲದ ಕಂತು ಕಟ್ಟಲಾಗದೆ ಹೋದವರ ಮನೆಗೆ ಅಂಚೆಯಲ್ಲಿ ಬರುವ ಕಾಗದದ ಧಾಟಿ ಹೆಚ್ಚುಕಡಿಮೆ ಹೀಗಿರುತ್ತದೆ. ಕಾಗದ ಇಂಗ್ಲಿಷಿನಲ್ಲಿದ್ದರಂತೂ ಗಾಬರಿ ಇಮ್ಮಡಿ. 2002ರ ಸರ್ಫೇಸಿ ಕಾಯ್ದೆಯ ಕಲಂ 13(2)ರ ಪ್ರಕಾರ ಬರುವ ನೋಟಿಸು ಇದು. ಅಡವಿಟ್ಟ ಆಸ್ತಿಯನ್ನು ಸಿವಿಲ್ ಕೋರ್ಟಿಗೆ ಹೋಗದೆಯೇ ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ಬ್ಯಾಂಕಿಗೆ ಕೊಟ್ಟಿರುವ ಕಾನೂನು ಅದು.

ಒಂದು ಲೆಕ್ಕ ಹಾಕಿ ನೋಡೋಣ. 20 ಲಕ್ಷ ರೂಪಾಯಿ ಸಾಲ, ಶೇ. 9 ಬಡ್ಡಿ, 20 ವರ್ಷದ ಅವಧಿ. ತಿಂಗಳ ಕಂತು ಸುಮಾರು 18,000. ನಾಲ್ಕು ವರ್ಷ ತಪ್ಪದೆ ಕಟ್ಟಿದ ಗ್ರಾಹಕ ಕೆಲಸ ಹೋಗಿ ಜನವರಿ 5ರ ಕಂತಿನಿಂದ ಕಟ್ಟುವುದನ್ನು ನಿಲ್ಲಿಸುತ್ತಾನೆ. 90 ದಿನ ಕಳೆದರೂ ಬಾಕಿ ಹಾಗೇ ಉಳಿದರೆ, ಏಪ್ರಿಲ್ ಮೊದಲ ವಾರದಲ್ಲಿ ಖಾತೆ ಎನ್‌ಪಿಎ ಆಗುತ್ತದೆ. 'ಅನುತ್ಪಾದಕ ಆಸ್ತಿ' ಎಂದರೆ ಇಷ್ಟೇ. ಅದು ಮನೆಯ ಕುರಿತ ಮಾತಲ್ಲ, ಸಾಲದ ಕುರಿತದ್ದು.

ಅಷ್ಟು ಹೊತ್ತಿಗೆ ತಪ್ಪಿದ ನಾಲ್ಕು ಕಂತು ಸೇರಿದರೆ 72,000 ರೂಪಾಯಿ. ನೋಟಿಸು ಕೇಳುವುದು ಮಾತ್ರ ಸುಮಾರು 18 ಲಕ್ಷ 83 ಸಾವಿರ! ಲೆಕ್ಕ ತಪ್ಪಿದೆಯೆಂದು ಬಹಳ ಮಂದಿ ಭಾವಿಸುವುದು ಇಲ್ಲಿಯೇ. ತಪ್ಪಿರುವುದಿಲ್ಲ. ಮೊದಲ ವರ್ಷಗಳ ಕಂತಿನಲ್ಲಿ ದೊಡ್ಡ ಪಾಲು ಬಡ್ಡಿಗೇ ಹೋಗುವುದರಿಂದ ಅಸಲು ಕರಗಿರುವುದು ಪೌಣೆ ಎರಡು ಲಕ್ಷದಷ್ಟೇ. ಜೊತೆಗೆ ಬ್ಯಾಂಕು ಈಗ ಕಂತಿನ ಏರ್ಪಾಟನ್ನೇ ಹಿಂತೆಗೆದುಕೊಂಡು ಇಡೀ ಸಾಲವನ್ನು ಒಮ್ಮೆಲೇ ಕೇಳುತ್ತಿದೆ.

ಅದೇ ನೋಟಿಸನ್ನು ಮೊದಲ ಸಲ ಸಾಲ ಪಡೆದವರಿಗೆ ತಿಳಿಯುವಂತೆ ಬರೆದರೆ ಹೀಗಾಗುತ್ತದೆ:

"ನೀವು ಜನವರಿಯಿಂದ ನಾಲ್ಕು ಕಂತು ಕಟ್ಟಿಲ್ಲ. ತಪ್ಪಿದ ಕಂತುಗಳ ಮೊತ್ತ 72,000 ರೂಪಾಯಿ. ಆದರೆ ನಾವೀಗ ಪೂರ್ತಿ ಸಾಲ, ಅಂದರೆ ಸುಮಾರು 18,83,000 ರೂಪಾಯಿ ಕೇಳುತ್ತಿದ್ದೇವೆ. ಕಟ್ಟುವ ದಿನದವರೆಗಿನ ಬಡ್ಡಿಯೂ ಖರ್ಚೂ ಇದಕ್ಕೆ ಸೇರುತ್ತವೆ. ಈ ಕಾಗದದ ಮೇಲಿನ ತಾರೀಖಿನಿಂದ ನಿಮಗೆ 60 ದಿನ ಸಮಯವಿದೆ. ಕಟ್ಟದಿದ್ದರೆ ನೀವು ಅಡವಿಟ್ಟ ಮನೆಯನ್ನು ವಶಕ್ಕೆ ಪಡೆದು ಮಾರಬಹುದು. ಅಲ್ಲಿಯವರೆಗೆ ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ನೀವು ಮನೆಯನ್ನು ಮಾರುವಂತಿಲ್ಲ, ಭೋಗ್ಯಕ್ಕೋ ಗುತ್ತಿಗೆಗೋ ಕೊಡುವಂತಿಲ್ಲ. ನಮ್ಮ ಲೆಕ್ಕ ತಪ್ಪೆನಿಸಿದರೆ ಬರೆದು ತಿಳಿಸಿ. ಒಪ್ಪದಿದ್ದರೆ 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸುತ್ತೇವೆ."

ಕೊನೆಯ ಎರಡು ವಾಕ್ಯಗಳು ಮೂಲ ಕಾಗದದ ಮಾದರಿಯಲ್ಲಿಲ್ಲ. ಗ್ರಾಹಕನಿಗೆ ತೀರಾ ಬೇಕಾದದ್ದು ಅವೇ. 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಾಲಗಾರನ ಆಕ್ಷೇಪವನ್ನು ಬ್ಯಾಂಕು ಪರಿಶೀಲಿಸಿ ಕಾರಣ ತಿಳಿಸಲೇಬೇಕೆಂದಿತು. ಅದೇ ವರ್ಷ ಕಲಂ 13(3ಎ) ಕಾಯ್ದೆಗೆ ಸೇರಿತು. ಉತ್ತರಕ್ಕೆ ಮೊದಲು ಒಂದು ವಾರವಿದ್ದ ಗಡುವು ಆಮೇಲೆ 15 ದಿನವಾಯಿತು. ಆಕ್ಷೇಪ ಬರೆದರೆ 60 ದಿನದ ಗಡುವು ನಿಂತುಬಿಡುತ್ತದೆಂದು ಮಾತ್ರ ತಿಳಿಯಬಾರದು.

ನೋಟಿಸು ಬಂದ ಮರುದಿನವೇ ಯಾರೂ ಮನೆಗೆ ಬೀಗ ಹಾಕುವುದಿಲ್ಲ. ಗಡುವು ಮುಗಿದ ಮೇಲೆ ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿ, ಅದನ್ನೇ ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಆ ಹೆಜ್ಜೆಯನ್ನು ಪ್ರಶ್ನಿಸಿ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಬ್ಯಾಂಕಿನ ಮೊದಲ ಉತ್ತರ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋಗಲು ಬರುವುದಿಲ್ಲ. ಕೃಷಿ ಜಮೀನಿನ ಮೇಲೆ ಈ ಕಾಯ್ದೆ ನಡೆಯುವುದಿಲ್ಲ. ಹಳ್ಳಿಯ ಓದುಗರಿಗೆ ಇದು ಗೊತ್ತಿರಬೇಕು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಬಾಕಿ 72,000 ಕಟ್ಟಿದರೆ ಸಾಲದೇ? ರಿಸರ್ವ್ ಬ್ಯಾಂಕಿನ ನಿಯಮದಂತೆ, ಎನ್‌ಪಿಎ ಆದ ಖಾತೆ ಮತ್ತೆ ಸರಿಯಾದ ಖಾತೆಯಾಗಲು ಅಸಲು, ಬಡ್ಡಿ ಎರಡರ ಬಾಕಿಯೂ ಪೂರ್ತಿ ತೀರಬೇಕು. ಒಂದೆರಡು ಕಂತು ಕಟ್ಟಿದರೆ ನಡೆಯದು. ಹಾಗೆ ಬಾಕಿಯೆಲ್ಲ ತೀರಿಸಿದವರ ಮೇಲಿನ ಕ್ರಮವನ್ನು ಬ್ಯಾಂಕು ಕೈಬಿಡಬಹುದು. ಆದರೆ ನೋಟಿಸು ಕೇಳಿರುವುದು ಪೂರ್ತಿ ಸಾಲವನ್ನಾದ್ದರಿಂದ ಮ್ಯಾನೇಜರ್ ಬಾಯಿಮಾತಿನಲ್ಲಿ "ಆಯ್ತು ಬಿಡಿ" ಎಂದದ್ದನ್ನು ನಂಬಿ ಕೂರಬೇಡಿ. ಹಣ ಕಟ್ಟುವ ಮೊದಲೇ ಅದನ್ನು ಬರಹದಲ್ಲಿ ಪಡೆಯಿರಿ, ಕೊಟ್ಟ ಪ್ರತಿ ಪತ್ರಕ್ಕೂ ಸೀಲು ಹಾಕಿದ ಸ್ವೀಕೃತಿ ಕೇಳಿ.